ಕನ್ನಡದ ರುಚಿವಾಚಕಗಳೂ ವರ್ಣವಾಚಕಗಳೂ

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರಲ್ಲೊಬ್ಬರು ಪರದೇಶದಲ್ಲಿ ಬೆಳೆದ ತಮ್ಮ ಮೊಮ್ಮಗಳಿಗೆ ಬಾಳೆಯ ಹೂವಿನ ಪಲ್ಯವನ್ನು ಮಾಡುವ ಕ್ರಮವನ್ನು ಇಂಗ್ಲಿಷಿನಲ್ಲಿ ಬರೆದು ಕಳುಹಿಸಿದರು. ಆಕೆಯ ಮನಸ್ಸಿನಲ್ಲಿದ್ದ ಕನ್ನಡವು ಇಷ್ಟೇ: “ಹೂವನ್ನು ಹೆಚ್ಚಿ, ಒಗರು ಹೋಗುವಂತೆ ಮಜ್ಜಿಗೆಯಲ್ಲಿ ನೆನೆಹಾಕು; ಒಗ್ಗರಣೆಯ ಉದ್ದಿನಬೇಳೆ ಕೆಂಪಗಾದ ಮೇಲೆ ಹೂವನ್ನು ಹಾಕು; ಸಪ್ಪೆಯಾಗಿದ್ದರೆ ಉಪ್ಪು ಸೇರಿಸು.” ಒಗರಿಗೆ ಅವರು ‘ಬಿಟರ್’ ಎಂದೂ ಕೆಂಪಿಗೆ ‘ರೆಡ್’ ಎಂದೂ ಬರೆದರು. ಹುಡುಗಿಯು ಬೇಳೆಯು ದಾಳಿಂಬೆಯ ಬೀಜದಂತೆ ಕೆಂಪಾಗುವದೆಂದು ಕಾದು ನಿಂತಳು. ಬೇಳೆಯು ಸೀದು ಕರಿಯ ಇದ್ದಲಾಯಿತು. ಈ ಸಂಗತಿಯನ್ನು ಕೇಳಿ ನಾವು ನಕ್ಕೆವಾದರೂ, ಆ ಮೂರು ಮಾತುಗಳನ್ನು ಕುರಿತು ವಿಚಾರ ಮಾಡುವದು ಉಚಿತವೆಂದು ನಮಗೆ ತೋರಿತು.

ಮೊದಲು ಒಗರನ್ನು ನೋಡೋಣ. ಸಿಹಿ, ಹುಳಿ, ಉಪ್ಪು, ಖಾರ, ಕಹಿ, ಒಗರು ಎಂದು ನಮ್ಮವರು ಆರು ರುಚಿಗಳನ್ನು ಎಣಿಸುತ್ತಾರೆ. ವೈದ್ಯಶಾಸ್ತ್ರದ ಸಂಸ್ಕೃತದಲ್ಲಿ ಈ ಆರನೆಯದಕ್ಕೆ ‘ಕಷಾಯ’ವೆಂದು ಹೆಸರು, ಆದರೆ ಮನೆಮಾತಿನಲ್ಲಿ ಕಷಾಯವೆಂದರೆ ಕುದಿಸಿ ಕುಡಿಯುವ ಪಾನೀಯವಾದ್ದರಿಂದ, ರುಚಿಗೆ ಒಗರು ಎಂಬ ಮಾತೇ ಉಳಿದಿದೆ. ಎಳೆಯ ಅಡಿಕೆ, ಬಲಿಯದ ಬಾಳೆಕಾಯಿ, ಮಾವಿನ ಮಿಡಿ, ನೇರಳೆಹಣ್ಣು, ಇವುಗಳನ್ನು ಕಚ್ಚಿದವರೆಲ್ಲರೂ ಅದನ್ನು ಬಲ್ಲರು. ಇಂಗ್ಲಿಷಿನಲ್ಲಿ ಇದಕ್ಕೆ ‘ಅಸ್ಟ್ರಿಂಜೆಂಟ್’ ಎಂಬ ಶಬ್ದವುಂಟು. ಆದರೆ ಅದು ವೈದ್ಯರ ಪುಸ್ತಕದ ಶಬ್ದ, ಮಗುವು ತಾಯಿಯ ಮುಂದೆ ಆಡುವ ಶಬ್ದವಲ್ಲ. ಮಾತಿನಲ್ಲಿ ಹೇಳಬೇಕಾದರೆ ‘ಬಾಯಿ ಒಣಗಿಸುತ್ತದೆ, ಕೆನ್ನೆಗಳನ್ನು ಒಳಕ್ಕೆ ಎಳೆಯುತ್ತದೆ, ನಾಲಿಗೆಯನ್ನು ಒರಟು ಮಾಡುತ್ತದೆ’ ಎಂದು ಅವರು ಹಲವು ಪದಗಳನ್ನು ಕೂಡಿಸಬೇಕಾಗುವದು.

ಆ ಹಲವು ಪದಗಳ ವರ್ಣನೆಯೂ ಸತ್ಯವಾದದ್ದೇ. ಇಂಥ ಕಾಯಿಗಳಲ್ಲಿ ‘ಟ್ಯಾನಿನ್’ ಎಂಬ ದ್ರವ್ಯವಿರುತ್ತದೆ. ನಮ್ಮ ಜೊಲ್ಲಿನಲ್ಲಿರುವ ಪ್ರೋಟೀನುಗಳು ಬಾಯಿಯನ್ನು ನುಣುಪಾಗಿ ಇಡುವವು. ಟ್ಯಾನಿನ್ ಆ ಪ್ರೋಟೀನುಗಳನ್ನು ಹಿಡಿದು ಗಟ್ಟಿಮಾಡುವದರಿಂದ ನುಣುಪು ಹೋಗಿ ಬಾಯಿ ತರಿತರಿಯಾಗುತ್ತದೆ. ಆದದರಿಂದ ಒಗರು ಬಹುಮಟ್ಟಿಗೆ ಬಾಯಿಯ ಸ್ಪರ್ಶಕ್ಕೆ ತಿಳಿಯುವಂಥಾದ್ದು. ಕಹಿಯಾದರೋ ನಾಲಿಗೆಯೇ ಅರಿಯುವ ರುಚಿ. ಇವೆರಡನ್ನು ಬೇರ್ಪಡಿಸಲು ಸುಲಭವಾದ ಪರೀಕ್ಷೆಯುಂಟು: ತುತ್ತನ್ನು ಅಗಿದ ಬಳಿಕ ನಾಲಿಗೆಯನ್ನು ಅಂಗುಳಕ್ಕೆ ಉಜ್ಜಿರಿ. ಉಜ್ಜುವಾಗ ತಡೆದಂತಾದರೆ ಅದು ಒಗರು. ಸಲೀಸಾಗಿ ಜಾರಿದರೂ ಮುಖ ಕಿವಿಚುವಂತಾದರೆ ಅದು ಕಹಿ.

ಈ ಭೇದವು ಅಡಿಗೆಯ ಕ್ರಮವನ್ನೇ ಬದಲಿಸುತ್ತದೆ. ಬಾಳೆಯ ಹೂವಿನ ಹೊರಗಿನ ದಪ್ಪ ಎಸಳುಗಳನ್ನು ತೆಗೆದು, ಕೈಗೆ ಎಣ್ಣೆ ಸವರಿಕೊಂಡು, ಒಳಗಿನ ಒಂದೊಂದು ಮಿಡಿಹೂವಿನಿಂದಲೂ ಗಟ್ಟಿಯಾದ ಕಡ್ಡಿಯನ್ನು ಕಿತ್ತು, ಉಳಿದದ್ದನ್ನು ಸಣ್ಣಗೆ ಹೆಚ್ಚಿ ನೀರುಮಜ್ಜಿಗೆಯಲ್ಲಿ ಕೆಲವು ತಾಸು ಇಡುತ್ತಾರೆ. ಮಜ್ಜಿಗೆಯ ಪ್ರೋಟೀನುಗಳು ಟ್ಯಾನಿನನ್ನು ತಾವೇ ಹಿಡಿದುಕೊಳ್ಳುವದರಿಂದ ಅದು ನಮ್ಮ ಜೊಲ್ಲಿಗೆ ಉಳಿಯುವದಿಲ್ಲ. ಮಜ್ಜಿಗೆಯ ಹುಳಿಯು ಹೆಚ್ಚಿದ ಹೂವು ಬೇಗ ಕಪ್ಪಾಗದಂತೆಯೂ ತಡೆಯುತ್ತದೆ. ಹಾಗಲಕಾಯಿಯ ಕಹಿಗೆ ಉಪಾಯವೇ ಬೇರೆ. ಅದಕ್ಕೆ ಉಪ್ಪು ಸವರಿ ಹಿಂಡಿ, ಹುಣಿಸೆಹಣ್ಣು ಬೆಲ್ಲಗಳನ್ನು ಕೂಡಿಸುವರು. ಆಗಲೂ ಕಹಿಯು ತಗ್ಗುವದಲ್ಲದೆ ಪೂರ್ತಿ ಹೋಗುವದಿಲ್ಲ.

ಇನ್ನೊಂದು ಕಹಿಯನ್ನಂತೂ ಯಾವ ಉಪಾಯದಿಂದಲೂ ತಗ್ಗಿಸಲು ಹೋಗಬಾರದು. ಸೋರೆಕಾಯಿಯ ಚೂರನ್ನು ಹಸಿಯಾಗಿ ನಾಲಿಗೆಗೆ ತಾಕಿಸಿದಾಗ ಕಹಿಯಾಗಿದ್ದರೆ ಒಡನೆ ಉಗುಳಿ, ಕಾಯಿಯನ್ನು ಬಿಸಾಡಬೇಕು. ಅದರಲ್ಲಿರುವ ವಿಷವು ಬೇಯಿಸಿದರೂ ಅಳಿಯುವದಿಲ್ಲ. ಕಹಿ ಸೋರೆಯ ರಸವನ್ನು ಕುಡಿದು ನಮ್ಮ ದೇಶದಲ್ಲಿ ಪ್ರಾಣ ಕಳೆದುಕೊಂಡವರುಂಟು. ಆದಕಾರಣ ‘ಏನೋ ಒಗರು ಇರಬೇಕು’ ಎಂದು ಕಹಿಯನ್ನು ನುಂಗುವದು ಅಪಾಯ. ಈಚೆಗೆ ಅನೇಕ ಮಕ್ಕಳು ನೆಲ್ಲಿಕಾಯಿಯನ್ನು ಕಚ್ಚಿದರೂ, ಗಟ್ಟಿ ಚಹವನ್ನು ಕುಡಿದರೂ, ಎಲ್ಲಕ್ಕೂ ‘ಕಹಿ’ ಎಂದೇ ಹೇಳುವದನ್ನು ನಾವು ಕಂಡಿದ್ದೇವೆ. ಎರಡು ಮಾತುಗಳು ಒಂದಾದಲ್ಲಿ ಉಗುಳಬೇಕಾದದ್ದು ಯಾವದು, ತಿನ್ನಬಹುದಾದದ್ದು ಯಾವದು ಎಂಬದನ್ನು ಮಗುವು ನಮಗೆ ತಿಳಿಸಲಾರದು.

ಸಪ್ಪೆ ಎಂಬ ಮಾತಿಗೂ ಇಂಗ್ಲಿಷಿನಲ್ಲಿ ಒಂದೇ ಜೋಡಿ ಸಿಕ್ಕುವದಿಲ್ಲ. ಉಪ್ಪಿಲ್ಲದ ಸಾರು ಸಪ್ಪೆ, ಸಕ್ಕರೆಯಿಲ್ಲದ ಹಾಲು ಸಪ್ಪೆ, ಖಾರ ಸಾಲದ ಚಟ್ನಿಯೂ ಸಪ್ಪೆ. ಕರಾವಳಿಯವರು ಇದನ್ನೇ ಚಪ್ಪೆ ಎನ್ನುವರು. ಒಂದು ಪದಾರ್ಥದಲ್ಲಿ ಇರಬೇಕಾದ ರುಚಿ ಇಲ್ಲದಿರುವದೇ ಅದರ ಅರ್ಥ. ಆದದರಿಂದ ಸಪ್ಪೆಯೆಂದು ಕೇಳಿದ ಕೂಡಲೆ, ಪಾತ್ರೆಯಲ್ಲಿರುವದು ಏನೆಂದು ನೋಡಿ, ಏನನ್ನು ಸೇರಿಸಬೇಕೆಂದು ಗೃಹಿಣಿಯು ತಿಳಿಯುತ್ತಾಳೆ. ಇಂಗ್ಲಿಷಿನಲ್ಲಿ ಬರೆಯುವವರು ಉಪ್ಪು ಸಾಲದೋ, ಸಕ್ಕರೆ ಸಾಲದೋ ಎಂದು ಬಿಡಿಸಿ ಬರೆಯಬೇಕು.

ಈಗ ಉದ್ದಿನಬೇಳೆಯನ್ನು ಸುಟ್ಟ ಕೆಂಪಿಗೆ ಬರೋಣ. ಕೆಂಪು ಎಂಬದು ನಮ್ಮ ನುಡಿಯಲ್ಲಿ ಒಂದು ಬಣ್ಣಕ್ಕಿಂತಲೂ ಬಣ್ಣಗಳ ಒಂದು ಕುಟುಂಬವೆನ್ನಬಹುದು. ದಾಸವಾಳವು ಕೆಂಪು, ಜಂಬಿಟ್ಟಿಗೆಯ ಮಣ್ಣು ಕೆಮ್ಮಣ್ಣು, ಕುಚ್ಚಲಕ್ಕಿಯಲ್ಲಿ ಒಂದು ಬಗೆ ಕೆಂಪಕ್ಕಿ, ಕಂದುಬಣ್ಣದ ಆಕಳು ಕೆಂದ, ಬಿಸಿಲಿಗೆ ಬಣ್ಣಗೆಟ್ಟ ಕೂದಲು ಕೆಂಚು. ‘ಹುಡುಗಿ ಕೆಂಪಗಿದ್ದಾಳೆ’ ಎಂದರೆ ಆಕೆಯ ಮೈಬಣ್ಣ ತಿಳಿಯಾಗಿದೆ ಎಂದರ್ಥ. ಇಂಗ್ಲಿಷಿನಲ್ಲಿ ಇವಕ್ಕೆ ರೆಡ್, ಬ್ರೌನ್, ಟಾನಿ, ಫೇರ್ ಎಂದು ಬೇರೆ ಬೇರೆ ಶಬ್ದಗಳು ಬೇಕಾಗುವವು. ಸೂಕ್ಷ್ಮವಾಗಿ ಹೇಳಬೇಕಾದರೆ ನಾವು ಮುಂದುಗಡೆ ಒಂದು ಮಾತನ್ನು ಸೇರಿಸುತ್ತೇವೆ: ನಸುಗೆಂಪು, ಕಡುಗೆಂಪು, ಎಣ್ಣೆಗೆಂಪು. ಈ ಕಡೆಯದು ಎಣ್ಣೆ ಸವರಿದಂತೆ ಮಿನುಗುವ ಮೈಬಣ್ಣ. ಅದರಲ್ಲಿ ಬಣ್ಣವೂ ಹೊಳಪೂ ಕೂಡಿಯೇ ಬಂದಿವೆ.

ಅಡಿಗೆಯಲ್ಲಿ ‘ಕೆಂಪಗೆ ಹುರಿ’ ಎಂದರೆ ಇಂಗ್ಲಿಷಿನ ‘ಬ್ರೌನ್’ ಎಂದೇ ತಿಳಿಯಬೇಕು. ಬಿಳಿಯ ಉದ್ದಿನಬೇಳೆಯು ಕಾದ ಎಣ್ಣೆಯಲ್ಲಿ ಮೊದಲು ಹೊಂಬಣ್ಣವಾಗಿ, ಬಳಿಕ ಕೆಂಪಾಗಿ, ಸ್ವಲ್ಪ ಮೈಮರೆತರೆ ಕಪ್ಪಾಗುತ್ತದೆ. ಒಲೆಯಿಂದ ಇಳಿಸಿದ ಮೇಲೂ ಎಣ್ಣೆಯ ಕಾವಿನಲ್ಲಿ ಬಣ್ಣ ಏರುತ್ತಲೇ ಇರುವದರಿಂದ, ಹೊಂಬಣ್ಣವು ದಾಟಿ ಕೆಂಪು ತಿರುಗುತ್ತಿರುವಾಗಲೇ ಹೂವನ್ನು ಹಾಕಿಬಿಡಬೇಕು. ಸುವಾಸನೆಯು ಹೋಗಿ ಘಾಟು ಎದ್ದಿತೆಂದರೆ ಹೊತ್ತು ಮೀರಿತೆಂದು ತಿಳಿಯಬೇಕು.

ನಮ್ಮ ಭಾಷೆಯೇ ಎಲ್ಲದರಲ್ಲಿಯೂ ಸೂಕ್ಷ್ಮವೆಂದು ನಾವು ಹೇಳುವದಿಲ್ಲ. ಒಗರು ಕಹಿಗಳ ವಿಷಯದಲ್ಲಿ ಕನ್ನಡವು ಮನೆಮಾತಿನಲ್ಲಿಯೇ ಬೇರ್ಪಡಿಸುತ್ತದೆ. ಕೆಂಪು ಕಂದುಗಳ ವಿಷಯದಲ್ಲಿ ಇಂಗ್ಲಿಷು ಬೇರ್ಪಡಿಸುತ್ತದೆ. ಒಂದರಿಂದ ಇನ್ನೊಂದಕ್ಕೆ ಬರೆಯುವವರು ಮಾತಿಗೆ ಮಾತನ್ನು ಇಡದೆ, ಪದಾರ್ಥವನ್ನು ಕಣ್ಣೆದುರಿಗೆ ಇಟ್ಟುಕೊಂಡು ಬರೆಯಬೇಕಾಗುವದು.

ಆ ಹಳೆಯ ವಿದ್ಯಾರ್ಥಿನಿಯು ತನ್ನ ಕಾಗದವನ್ನು ತಿದ್ದಿ ಮತ್ತೆ ಬರೆದರು. ಬೇಳೆಯು ‘ಬಾದಾಮಿಯ ಸಿಪ್ಪೆಯ ಬಣ್ಣಕ್ಕೆ ಬರಲಿ’ ಎಂದು ಸೇರಿಸಿದರು. ಒಗರಿಗೆ ಮಾತ್ರ ಇಂಗ್ಲಿಷನ್ನು ಹುಡುಕದೆ, ‘ಒಗರು’ ಎಂದೇ ಬರೆದು, ಹೂವಿನ ಒಂದು ಹಸಿ ಚೂರನ್ನು ಅಗಿದು ನೋಡೆಂದು ತಿಳಿಸಿದರು. ಹುಡುಗಿಯು ಅಗಿದು ನೋಡಿದಳಂತೆ. ಈಗ ಆಕೆಯು ಗಟ್ಟಿ ಚಹವನ್ನು ಕುಡಿಯುವಾಗಲೂ ‘ಅಜ್ಜಿ, ಇದು ಒಗರು’ ಎಂದು ಹೇಳುತ್ತಾಳೆಂದು ಕೇಳಿ ನಮಗೆ ಸಂತೋಷವಾಯಿತು.