ಎಲ್ಲಿ, ಎಲ್ಲಿಗೆ: ಜರ್ಮನ್ ವ್ಯಾಕರಣದ ಒಂದು ಬಿಟ್ಟ ಸ್ಥಳ

‘ಡೀ ಕಾಟ್ಸೆ ಶ್ಪ್ರಿಂಗ್ಟ್ ಔಫ್ ____ ಟಿಶ್.’ ಬಿಟ್ಟ ಸ್ಥಳ ತುಂಬಿರಿ.

ಕಾಟ್ಸೆ ಎಂದರೆ ಬೆಕ್ಕು, ಟಿಶ್ ಎಂದರೆ ಮೇಜು, ಔಫ್ ಎಂದರೆ ಮೇಲೆ. ಬೆಕ್ಕು ಹಾರುತ್ತಿದೆ, ಅಷ್ಟು ಗೊತ್ತಾಯಿತು. ಖಾಲಿ ಜಾಗಕ್ಕೆ ‘ಡೇನ್’ ಹಾಕಿದರೆ ಬೆಕ್ಕು ನೆಲದಿಂದ ಮೇಜಿನ ಮೇಲಕ್ಕೆ ನೆಗೆಯುತ್ತದೆ. ‘ಡೇಮ್’ ಹಾಕಿದರೆ ಅದು ಮೊದಲೇ ಮೇಜಿನ ಮೇಲಿದೆ, ಅಲ್ಲೇ ಕುಪ್ಪಳಿಸುತ್ತಿದೆ. ಕ್ರಿಯಾಪದ ಬದಲಾಗಲಿಲ್ಲ, ‘ಮೇಲೆ’ ಎಂಬ ಪದವೂ ಬದಲಾಗಲಿಲ್ಲ. ಕೊನೆಯ ಒಂದು ವ್ಯಂಜನದಲ್ಲಿ ಬೆಕ್ಕಿನ ಕಥೆಯೇ ಬೇರೆಯಾಯಿತು.

ಜರ್ಮನ್ ಕಲಿಯುವವರಿಗೆ ಮೊದಲ ಹಂತ ಮುಗಿದು ಎರಡನೆಯದು ಶುರುವಾಗುವ ಹೊತ್ತಿಗೆ ಇಂಥ ವಾಕ್ಯಗಳು ಸಾಲುಗಟ್ಟಿ ಬರುತ್ತವೆ. ಸ್ಥಳ ಹೇಳುವ 9 ಪದಗಳು ಇದಕ್ಕೆ ಕಾರಣ: ಇನ್ (ಒಳಗೆ), ಆನ್ (ತಾಗಿ), ಔಫ್ (ಮೇಲೆ), ಯೂಬರ್ (ತಾಗದೆ ಮೇಲ್ಗಡೆ), ಉಂಟರ್ (ಕೆಳಗೆ), ಫೋರ್ (ಮುಂದೆ), ಹಿಂಟರ್ (ಹಿಂದೆ), ನೇಬನ್ (ಪಕ್ಕದಲ್ಲಿ), ಟ್ಸ್ವಿಷನ್ (ನಡುವೆ). ಉಳಿದ ಪ್ರೆಪೊಸಿಷನ್‌ಗಳು ಒಂದೊಂದು ವಿಭಕ್ತಿಗೆ ಅಂಟಿಕೊಂಡಿರುತ್ತವೆ. ಈ ಒಂಬತ್ತು ಮಾತ್ರ ಎರಡು ಕಡೆಗೂ ಸಲ್ಲುತ್ತವೆ. ಚಲನೆ ಇದ್ದರೆ ಅಕ್ಯುಸೆಟಿವ್, ಅಂದರೆ ನಮ್ಮ ದ್ವಿತೀಯಾ. ಇರುವಿಕೆಯಾದರೆ ಡೇಟಿವ್, ಅಂದರೆ ಚತುರ್ಥಿ. ಪಠ್ಯಪುಸ್ತಕ ಹೇಳುವ ಸೂತ್ರ ಇಷ್ಟೇ. ಸೂತ್ರ ಸುಳ್ಳಲ್ಲ, ಆದರೆ ‘ಚಲನೆ’ ಎಂಬ ಪದ ಇಲ್ಲಿ ದಾರಿ ತಪ್ಪಿಸುತ್ತದೆ.

‘ಡಾಸ್ ಕಿಂಟ್ ಲೊಯ್ಫ್ಟ್ ಇನ್ ____ ಗಾರ್ಟನ್ ಹೆರುಮ್’ ಎಂಬ ವಾಕ್ಯ ನೋಡಿ. ಮಗು ತೋಟದಲ್ಲಿ ಓಡಾಡುತ್ತಿದೆ. ಓಡುವುದು ಚಲನೆ ತಾನೇ ಎಂದುಕೊಂಡು ದ್ವಿತೀಯಾ ಬರೆದರೆ ತಪ್ಪು. ಮಗು ಎಷ್ಟೇ ಓಡಿದರೂ ತೋಟದ ಬೇಲಿ ದಾಟಿಲ್ಲ. ಓಟ ಶುರುವಾದಾಗಲೂ ತೋಟದೊಳಗಿತ್ತು, ಈಗಲೂ ಅಲ್ಲೇ ಇದೆ. ಆದ್ದರಿಂದ ‘ಡೇಮ್’. ಜರ್ಮನ್ ಕೇಳುವುದು ಕಾಲು ಆಡುತ್ತಿದೆಯೇ ಎಂದಲ್ಲ. ಈ ಕ್ರಿಯೆಯಿಂದಾಗಿ ಯಾರಾದರೂ ಅಥವಾ ಏನಾದರೂ ಆ ಜಾಗಕ್ಕೆ ಹೊಸದಾಗಿ ಬಂದು ಸೇರಿತೇ ಎಂದು. ಸೇರಿದರೆ ದ್ವಿತೀಯಾ. ಮೊದಲಿಂದಲೂ ಅಲ್ಲೇ ಇದ್ದರೆ, ಮಲಗಿರಲಿ, ಕುಣಿಯಲಿ, ಚತುರ್ಥಿ.

ಜರ್ಮನ್ ತರಗತಿಗಳಲ್ಲಿ ಇದಕ್ಕೊಂದು ಪ್ರಶ್ನೆಯ ಜೋಡಿ ಕೊಡುತ್ತಾರೆ: ವೋ? ವೋಹಿನ್? ಇಂಗ್ಲಿಷ್ ಮಾತ್ರ ಬಲ್ಲವರು ಇಲ್ಲಿ ತಡವರಿಸುತ್ತಾರೆ, ಅವರ ದಿನಬಳಕೆಯಲ್ಲಿ ಎರಡಕ್ಕೂ ‘ವೇರ್’ ಒಂದೇ. ಕನ್ನಡಿಗರಿಗೆ ಈ ಜೋಡಿ ಬಾಯಲ್ಲೇ ಇದೆ: ಎಲ್ಲಿ? ಎಲ್ಲಿಗೆ? ಮಗು ಎಲ್ಲಿ ಓಡಾಡುತ್ತಿದೆ? ತೋಟದಲ್ಲಿ. ಮಗು ಎಲ್ಲಿಗೆ ಓಡಿತು? ತೋಟಕ್ಕೆ. ಹೋಗು, ಬರು, ಓಡು, ಹತ್ತು, ಇಳಿಯಂಥ ಕ್ರಿಯೆಗಳಿಗೆ ಈ ಪ್ರಶ್ನೆ ಸಾಕು, ಬೇರೆ ಉಪಾಯ ಹುಡುಕಬೇಕಿಲ್ಲ.

ಹಾಗಿದ್ದರೆ ಕನ್ನಡಿಗರೇಕೆ ತಪ್ಪುತ್ತಾರೆ? ಎರಡು ಕಡೆ ತಪ್ಪುತ್ತಾರೆ, ಎರಡೂ ಕನ್ನಡದ್ದೇ ಪ್ರಭಾವ.

ಮೊದಲನೆಯದು ವಿಭಕ್ತಿಯ ಹೆಸರಿನದು. ‘ತೋಟಕ್ಕೆ’ ಎಂಬುದರ ಪ್ರತ್ಯಯ ನಮ್ಮ ವ್ಯಾಕರಣದಲ್ಲಿ ಚತುರ್ಥಿ. ಡೇಟಿವ್ ಅಂದರೂ ಚತುರ್ಥಿ. ‘ಗೆ, ಕೆ ಬಂತು, ಹಾಗಾದರೆ ಡೇಟಿವ್’ ಎಂದು ಹೈಸ್ಕೂಲಿನ ವಿಭಕ್ತಿ ಪಟ್ಟಿ ಚೆನ್ನಾಗಿ ನೆನಪಿರುವವರೇ ಬರೆದುಬಿಡುತ್ತಾರೆ. ಜರ್ಮನ್‌ನಲ್ಲಿ ಅದು ತಲೆಕೆಳಗು: ‘ಎಲ್ಲಿಗೆ’ಗೆ ದ್ವಿತೀಯಾ, ‘ಎಲ್ಲಿ’ಗೆ ಚತುರ್ಥಿ. ಸಪ್ತಮಿ ಎಂಬ ಪ್ರತ್ಯೇಕ ವಿಭಕ್ತಿ ಜರ್ಮನ್‌ನಲ್ಲಿ ಉಳಿದಿಲ್ಲ, ಅದರ ಕೆಲಸವನ್ನೂ ಡೇಟಿವ್ ಹೊತ್ತುಕೊಂಡಿದೆ. ಸಂಸ್ಕೃತ ಓದಿದವರಿಗೆ ಇದು ಅಷ್ಟು ವಿಚಿತ್ರ ಅನ್ನಿಸಲಾರದು. ‘ಗ್ರಾಮಂ ಗಚ್ಛತಿ’ ಎನ್ನುವಾಗ ಊರು ದ್ವಿತೀಯೆಯಲ್ಲಿದೆ, ‘ಗ್ರಾಮೇ ವಸತಿ’ ಎನ್ನುವಾಗ ಸಪ್ತಮಿಯಲ್ಲಿ. ಹೋಗುವ ಅರ್ಥದ ಧಾತುಗಳಿಗೆ ಪಾಣಿನಿ ದ್ವಿತೀಯೆ, ಚತುರ್ಥಿ ಎರಡನ್ನೂ ಒಪ್ಪಿದ್ದಾನೆ. ಜರ್ಮನ್ ದ್ವಿತೀಯೆಯನ್ನು ಮಾತ್ರ ಇಟ್ಟುಕೊಂಡಿದೆ ಎಂದುಕೊಂಡರೆ ನೆನಪಿಗೆ ಸುಲಭ.

ಎರಡನೆಯ ತಪ್ಪು ಇನ್ನೂ ಸೂಕ್ಷ್ಮ. ಅಡುಗೆಮನೆಯಲ್ಲಿ ನಡೆಯುವ ಒಂದು ಸಣ್ಣ ಅಭ್ಯಾಸವನ್ನೇ ತೆಗೆದುಕೊಳ್ಳೋಣ.

‘ಇಶ್ ಗೇಹೆ ಇನ್ ____ ಕ್ಯೂಶೆ.’ ನಾನು ಅಡುಗೆಮನೆಗೆ ಹೋಗುತ್ತೇನೆ. ಎಲ್ಲಿಗೆ? ಆದ್ದರಿಂದ ದ್ವಿತೀಯಾ. ಕ್ಯೂಶೆ ಸ್ತ್ರೀಲಿಂಗ, ಅದರ ಆರ್ಟಿಕಲ್ ‘ಡೀ’, ದ್ವಿತೀಯೆಯಲ್ಲೂ ‘ಡೀ’ಯೇ. ಉತ್ತರ: ಡೀ.

‘ಇನ್ ____ ಕ್ಯೂಶೆ ಶ್ಟೇಟ್ ಐನ್ ಟಿಶ್.’ ಅಡುಗೆಮನೆಯಲ್ಲಿ ಒಂದು ಮೇಜಿದೆ. ಎಲ್ಲಿ? ಆದ್ದರಿಂದ ಚತುರ್ಥಿ. ‘ಡೀ’ ಈಗ ‘ಡೇರ್’ ಆಗುತ್ತದೆ. ಇಲ್ಲಿ ಹೊಸಬರು ಒಮ್ಮೆ ಬೆಚ್ಚುತ್ತಾರೆ, ‘ಡೇರ್’ ಪುಲ್ಲಿಂಗದ ಪ್ರಥಮಾ ಎಂದು ಮೊದಲ ಪಾಠದಲ್ಲೇ ಕಲಿತಿರುತ್ತಾರಲ್ಲ! ಸ್ತ್ರೀಲಿಂಗದ ಚತುರ್ಥಿಗೂ ಅದೇ ರೂಪ. ಜರ್ಮನ್ ಇಂಥ ಕಡೆ ಜಿಪುಣ.

‘ಇಶ್ ಶ್ಟೆಲ್ಲೆ ಡೀ ಟಾಸೆ ಔಫ್ ____ ಟಿಶ್.’ ಲೋಟವನ್ನು ಮೇಜಿನ ಮೇಲೆ ಇಡುತ್ತೇನೆ. ಈಗ ಕನ್ನಡದ ಪ್ರಶ್ನೆ ಕೇಳಿ ನೋಡಿ. ‘ಲೋಟ ಎಲ್ಲಿ ಇಟ್ಟೆ?’ ಎಂದೇ ನಾವು ಕೇಳುವುದು. ‘ಎಲ್ಲಿಗೆ ಇಟ್ಟೆ?’ ಎಂದು ಯಾರೂ ಅನ್ನುವುದಿಲ್ಲ. ‘ಎಲ್ಲಿ’ ಬಂತಲ್ಲ ಎಂದು ಕಲಿಯುವವರು ‘ಡೇಮ್’ ಬರೆಯುತ್ತಾರೆ. ಆದರೆ ಜರ್ಮನರು ಇದೇ ಮಾತನ್ನು ‘ವೋಹಿನ್’ ಎಂದು ಕೇಳುತ್ತಾರೆ. ಸರಿಯುತ್ತರ ‘ಡೇನ್’. ಇಡು, ಹಾಕು, ಕೂರು, ನೇತುಹಾಕು ಮುಂತಾದ ಕ್ರಿಯೆಗಳಲ್ಲೆಲ್ಲ ನಮ್ಮ ‘ಎಲ್ಲಿ–ಎಲ್ಲಿಗೆ’ ಕೈಕೊಡುತ್ತದೆ. ಅಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ: ಇದಕ್ಕೆ ಮುಂಚೆ ಲೋಟ ಮೇಜಿನ ಮೇಲಿತ್ತೇ? ಇರಲಿಲ್ಲ. ಇಟ್ಟಮೇಲೆ ಬಂತು. ಹಾಗಾಗಿ ದ್ವಿತೀಯಾ.

‘ಡೇರ್ ಶ್ಲ್ಯುಸೆಲ್ ಲೀಗ್ಟ್ ಉಂಟರ್ ____ ಟ್ಸೈಟುಂಗ್.’ ಬೀಗದ ಕೈ ಪತ್ರಿಕೆಯ ಅಡಿಯಲ್ಲಿ ಬಿದ್ದಿದೆ. ಬಿದ್ದದ್ದು ಬಿದ್ದಲ್ಲೇ ಇದೆ. ಟ್ಸೈಟುಂಗ್ ಸ್ತ್ರೀಲಿಂಗ. ಉತ್ತರ: ಡೇರ್.

ಮೂರನೆಯ ಮತ್ತು ನಾಲ್ಕನೆಯ ವಾಕ್ಯದ ಕ್ರಿಯಾಪದಗಳನ್ನು ಗಮನಿಸಿ. ಜರ್ಮನ್‌ನಲ್ಲಿ ಇಡುವುದಕ್ಕೂ ಇರುವುದಕ್ಕೂ ಜೋಡಿ ಜೋಡಿ ಕ್ರಿಯಾಪದಗಳಿವೆ. ನಿಲ್ಲಿಸಿ ಇಡುವುದು ಶ್ಟೆಲ್ಲನ್, ನಿಂತಿರುವುದು ಶ್ಟೇಹನ್. ಮಲಗಿಸಿ ಇಡುವುದು ಲೇಗನ್, ಬಿದ್ದುಕೊಂಡಿರುವುದು ಲೀಗನ್. ಕೂರಿಸುವುದು ಜೆಟ್ಸನ್, ಕುಳಿತಿರುವುದು ಜಿಟ್ಸನ್. ಪ್ರತಿ ಜೋಡಿಯ ಮೊದಲನೆಯದಕ್ಕೆ ಒಂದು ಕರ್ಮ ಬೇಕು, ಏನನ್ನೋ ಇಡಬೇಕಲ್ಲ. ಅದರ ಜೊತೆ ಬರುವ ಜಾಗ ದ್ವಿತೀಯೆಯಲ್ಲಿರುತ್ತದೆ. ಎರಡನೆಯದಕ್ಕೆ ಕರ್ಮವಿಲ್ಲ, ಜಾಗ ಚತುರ್ಥಿಯಲ್ಲಿ. ಲೇಗನ್ ಮತ್ತು ಲೀಗನ್ ಎಂಬುವನ್ನು ಕಿವಿಯಲ್ಲಿ ಬೇರೆ ಮಾಡಿಕೊಂಡವರಿಗೆ ಅಭ್ಯಾಸದ ದೊಡ್ಡ ಪಾಲು ತಾನಾಗಿ ಬಗೆಹರಿಯುತ್ತದೆ. ವಿಭಕ್ತಿ ಪಟ್ಟಿಯನ್ನು ಉರುಹೊಡೆಯುವುದಕ್ಕಿಂತ ಮೊದಲು ಈ ಜೋಡಿಗಳನ್ನು ಕಲಿಸಬೇಕು ಎಂಬುದು ನನ್ನ ಅಭಿಪ್ರಾಯ. ಬಹಳ ಪುಸ್ತಕಗಳು ಇದನ್ನು ತಿರುಗಾಮುರುಗಾ ಮಾಡುತ್ತವೆ.

‘ಕರ್ಮವಿದ್ದರೆ ದ್ವಿತೀಯಾ’ ಎಂಬುದನ್ನೇ ಸೂತ್ರ ಮಾಡಿಕೊಳ್ಳಬೇಡಿ, ಅದು ಇಡುವ ಕ್ರಿಯೆಗಳಿಗಷ್ಟೇ. ‘ನಾನು ತೋಟದಲ್ಲಿ ಪುಸ್ತಕ ಓದುತ್ತೇನೆ’ ಎಂಬಲ್ಲಿ ಪುಸ್ತಕ ಕರ್ಮವೇ, ಆದರೂ ತೋಟ ಚತುರ್ಥಿಯಲ್ಲಿದೆ. ಓದಿದ್ದರಿಂದ ಪುಸ್ತಕವೇನೂ ತೋಟಕ್ಕೆ ಬಂದು ಸೇರಲಿಲ್ಲ.

ಜೋಡಿಯಿಲ್ಲದ ಒಂಟಿ ಕ್ರಿಯಾಪದ ‘ಹೆಂಗನ್’. ನೇತುಹಾಕುವುದಕ್ಕೂ ಅದೇ, ನೇತಾಡುವುದಕ್ಕೂ ಅದೇ. ವರ್ತಮಾನ ಕಾಲದಲ್ಲಿ ಕರ್ಮ ಇದೆಯೇ ಎಂದು ನೋಡಬೇಕು. ಭೂತಕಾಲದಲ್ಲಿ ರೂಪವೇ ಗುಟ್ಟು ಬಿಟ್ಟುಕೊಡುತ್ತದೆ: ‘ಗೆಹೆಂಗ್ಟ್’ ಎಂದಿದ್ದರೆ ಯಾರೋ ಚಿತ್ರವನ್ನು ಗೋಡೆಗೆ ತೂಗುಹಾಕಿದ್ದಾರೆ, ಗೋಡೆ ‘ಡೀ ವಾಂಟ್’, ‘ಗೆಹಾಂಗನ್’ ಎಂದಿದ್ದರೆ ಚಿತ್ರ ಗೋಡೆಯಲ್ಲಿ ತೂಗುತ್ತಿತ್ತು, ‘ಡೇರ್ ವಾಂಟ್’. ಭೂತಕಾಲದ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಹೋಗಿ ಕೂರುವುದರಿಂದ, ವಾಕ್ಯವನ್ನು ಪೂರ್ತಿ ಓದದೆ ಪೆನ್ನು ಎತ್ತಬಾರದು.

ವಿಭಕ್ತಿ ಸರಿಯಾಗಿ ಆರಿಸಿಯೂ ಅಂಕ ಕಳೆದುಕೊಳ್ಳುವವರುಂಟು. ಅಲ್ಲಿ ತಪ್ಪುವುದು ಲಿಂಗ. ಟಿಶ್ ಪುಲ್ಲಿಂಗ, ಆದ್ದರಿಂದ ಡೇನ್ ಅಥವಾ ಡೇಮ್. ಸೋಫಾ ನಪುಂಸಕ, ಆದ್ದರಿಂದ ಡಾಸ್ ಅಥವಾ ಡೇಮ್. ಸ್ತ್ರೀಲಿಂಗಕ್ಕೆ ಡೀ ಅಥವಾ ಡೇರ್. ಬಹುವಚನಕ್ಕೆ ಡೀ ಅಥವಾ ಡೇನ್, ಮತ್ತು ಚತುರ್ಥಿಯಾದರೆ ಸಾಮಾನ್ಯವಾಗಿ ನಾಮಪದದ ಕೊನೆಗೂ ಒಂದು ‘ನ್’. ‘ಡೇನ್’ ಹೀಗೆ ಎರಡು ವೇಷದಲ್ಲಿ ಬರುತ್ತದೆ, ಒಮ್ಮೆ ಪುಲ್ಲಿಂಗದ ದ್ವಿತೀಯೆಯಾಗಿ, ಒಮ್ಮೆ ಬಹುವಚನದ ಚತುರ್ಥಿಯಾಗಿ. ‘ಕುರ್ಚಿಗಳ ನಡುವೆ’ ಎಂಬಂಥ ವಾಕ್ಯದಲ್ಲಿ ಮುಗ್ಗರಿಸಿದರೆ ಇದೇ ಕಾರಣವೇ ಎಂದು ನೋಡಿಕೊಳ್ಳಿ. ಇಲ್ಲಿ ತರ್ಕವಿಲ್ಲ, ನಾಮಪದವನ್ನು ಆರ್ಟಿಕಲ್ ಸಮೇತ ಕಲಿತಿರಬೇಕು ಅಷ್ಟೆ.

ಇನ್ನು ‘ಬಂದು ಸೇರಿತೇ’ ಎಂಬ ಪರೀಕ್ಷೆಯೂ ಸೋಲುವ ಕಡೆಗಳು. ಕಾರನ್ನು ಮನೆಯ ಮುಂದೆ ಪಾರ್ಕ್ ಮಾಡಿದರೆ ಕಾರು ಅಲ್ಲಿಗೆ ಹೊಸದಾಗಿ ಬಂದದ್ದು ಹೌದು, ಆದರೂ ‘ಪಾರ್ಕನ್’ ಚತುರ್ಥಿಯನ್ನೇ ಕೇಳುತ್ತದೆ. ತಲುಪುವುದು ಎಂಬರ್ಥದ ‘ಆನ್‌ಕೊಮನ್’, ವಿಮಾನ ಇಳಿಯುವ ‘ಲಾಂಡನ್’ ಕೂಡ ಹಾಗೆಯೇ. ಜರ್ಮನರು ಈ ಕ್ರಿಯೆಗಳಲ್ಲಿ ದಾರಿಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಕೊನೆಯ ತಾಣವನ್ನಷ್ಟೇ ಕಾಣುತ್ತಾರೆ. ತಮಾಷೆಯೆಂದರೆ ಇಲ್ಲಿ ಕನ್ನಡ ಒಂದಿಷ್ಟು ಕೈ ಹಿಡಿಯುತ್ತದೆ: ‘ಕಾರು ಎಲ್ಲಿ ನಿಲ್ಲಿಸಿದೆ?’ ಎಂದೇ ನಾವೂ ಕೇಳುತ್ತೇವೆ. ಇದಕ್ಕೆ ವಿರುದ್ಧವಾಗಿ ‘ವಾರ್ಟನ್ ಔಫ್’, ಅಂದರೆ ಯಾರಿಗಾದರೂ ಕಾಯುವುದು. ಬಸ್‌ಸ್ಟಾಪಿನಲ್ಲಿ ಕಂಬದಂತೆ ನಿಂತಿದ್ದರೂ ಬಸ್ಸು ದ್ವಿತೀಯೆಯಲ್ಲೇ ಇರುತ್ತದೆ. ಇಲ್ಲಿ ಔಫ್ ಸ್ಥಳವನ್ನು ಹೇಳುತ್ತಿಲ್ಲ, ಕ್ರಿಯಾಪದದ ಬಾಲವಾಗಿದೆ. ಸ್ಥಳದ ಅರ್ಥವೇ ಇಲ್ಲದ ಕಡೆ ಎಲ್ಲಿ, ಎಲ್ಲಿಗೆ ಎಂದು ಕೇಳಿ ಫಲವಿಲ್ಲ. ಅಂಥವನ್ನು ವಿಭಕ್ತಿಯ ಜೊತೆಗೇ ಕಲಿಯಬೇಕು.

ಒಂಬತ್ತರ ಪಟ್ಟಿಯ ಆಚೆಗೆ ಈ ಸೂತ್ರ ಒಯ್ಯುವುದು ಮತ್ತೊಂದು ಅಪಾಯ. ‘ಟ್ಸೂ’ ಎಂಬ ಪ್ರೆಪೊಸಿಷನ್ ಇದೆ, ಸ್ಟೇಷನ್ನಿಗೆ ಹೋಗುವುದು, ಡಾಕ್ಟರ ಬಳಿಗೆ ಹೋಗುವುದು ಎಲ್ಲ ಅದರಲ್ಲಿ. ಚಲನೆ ಎದ್ದು ಕಾಣುತ್ತದೆ, ಆದರೆ ಅದು ಒಂಬತ್ತರಲ್ಲಿ ಸೇರಿಲ್ಲ, ಸದಾ ಚತುರ್ಥಿ. ಅಮೆರಿಕದ ಮಾರ್ಕ್ ಟ್ವೇನ್ 1880ರಲ್ಲಿ ಪ್ರಕಟಿಸಿದ ಯುರೋಪ್ ಪ್ರವಾಸದ ಪುಸ್ತಕಕ್ಕೆ ಜರ್ಮನ್ ಭಾಷೆಯನ್ನು ಲೇವಡಿ ಮಾಡುವ ಒಂದು ಅನುಬಂಧ ಜೋಡಿಸಿದ್ದ. ಮಳೆಯ ದೆಸೆಯಿಂದ ಹಕ್ಕಿಯೊಂದು ಕಮ್ಮಾರನ ಅಂಗಡಿಯಲ್ಲಿ ಕಾಯುತ್ತಿದೆ ಎಂಬ ಪಾಠದ ವಾಕ್ಯವನ್ನು ಅವನು ಹಿಡಿದುಕೊಳ್ಳುತ್ತಾನೆ. ಮಳೆ ಸುಮ್ಮನೆ ಬಿದ್ದುಕೊಂಡಿದ್ದರೆ ಚತುರ್ಥಿ, ಹಕ್ಕಿಗೆ ಅಡ್ಡಿ ಮಾಡುತ್ತಿದ್ದರೆ ಅದು ಚಲನೆ, ಆದ್ದರಿಂದ ದ್ವಿತೀಯಾ ಎಂದು ಗಂಭೀರವಾಗಿ ತರ್ಕಿಸಿ ಉತ್ತರ ಕೊಡುತ್ತಾನೆ. ಮೇಷ್ಟ್ರು ಬಂದು, ಆ ‘ವೇಗನ್’ ಎಂಬ ಪ್ರೆಪೊಸಿಷನ್ ಇದ್ದಲ್ಲಿ ಮಳೆ ಏನೇ ಮಾಡುತ್ತಿರಲಿ, ಷಷ್ಠಿಯೇ ಎಂದುಬಿಡುತ್ತಾರೆ. ನಗೆಯ ಹಿಂದಿನ ತಪ್ಪು ಇಂದಿನ ಉತ್ತರಪತ್ರಿಕೆಗಳಲ್ಲೂ ಸಿಗುವಂಥದ್ದೇ: ತರ್ಕ ಸರಿ, ಪಟ್ಟಿ ತಪ್ಪು.

ಹಾಗಾದರೆ ಬೆಕ್ಕಿನ ಪ್ರಶ್ನೆಗೆ ಸರಿಯುತ್ತರ ಯಾವುದು? ಅಷ್ಟೇ ವಾಕ್ಯ ಕೊಟ್ಟಿದ್ದರೆ ಎರಡೂ ಸರಿ. ಕೀ ಆನ್ಸರ್‌ನಲ್ಲಿ ‘ಡೇನ್’ ಮಾತ್ರ ಇದ್ದರೆ, ಬೆಕ್ಕುಗಳು ಸಾಮಾನ್ಯವಾಗಿ ಮೇಜಿನ ಮೇಲಕ್ಕೆ ನೆಗೆಯುತ್ತವೆ ಎಂಬ ಲೋಕಾನುಭವದ ಮೇಲೆ ಪುಸ್ತಕ ಬರೆದವರು ನಿಂತಿದ್ದಾರೆ ಎಂದರ್ಥ. ಒಳ್ಳೆಯ ಪ್ರಶ್ನೆಪತ್ರಿಕೆ ವಾಕ್ಯದಲ್ಲಿ ಒಂದು ಸುಳಿವು ಇಡುತ್ತದೆ: ‘ನೆಲದಿಂದ’ ಎಂದೋ, ‘ಒಂದೇ ಸಮನೆ ಅತ್ತಿತ್ತ’ ಎಂದೋ. ಸುಳಿವಿಲ್ಲದೆ ‘ಡೇಮ್’ ಎಂದು ಬರೆದ ವಿದ್ಯಾರ್ಥಿಗೆ ಕೆಂಪು ಗೆರೆ ಎಳೆಯುವ ಮೊದಲು, ಬೆಕ್ಕು ಏನು ಮಾಡುತ್ತಿದೆ ಎಂದು ಶಿಕ್ಷಕರು ಅವನನ್ನೇ ಕೇಳಬೇಕು.