ಕಾಲೇಜಿನ ಕಂಪ್ಯೂಟರ್ ಲ್ಯಾಬಿಗೊಂದು ಬಳಕೆ ನಿಯಮ

ಕಾಲೇಜಿನ ಕಂಪ್ಯೂಟರ್ ಲ್ಯಾಬನ್ನು ಯಾರು, ಯಾವ ಕೆಲಸಕ್ಕೆ, ಹೇಗೆ ಬಳಸಬಹುದು, ಏನು ಮಾಡಬಾರದು, ತಪ್ಪಿದರೆ ಏನು ಕ್ರಮ ಎಂಬುದನ್ನು ಬರೆದಿಟ್ಟ ಪತ್ರವೇ ಬಳಕೆ ನಿಯಮ. ಹಲವು ಕಾಲೇಜುಗಳಲ್ಲಿ ಈ ಹೆಸರಿನಲ್ಲಿ ಇರುವುದು ಬಾಗಿಲ ಪಕ್ಕದ ಒಂದು ಫಲಕ ಮಾತ್ರ: ಚಪ್ಪಲಿ ಹೊರಗೆ ಬಿಡಿ, ತಿಂಡಿ ತರಬೇಡಿ, ಮೌನವಾಗಿರಿ. ಇವು ಕೋಣೆಯನ್ನು ಕಾಪಾಡುತ್ತವೆ. ಕಂಪ್ಯೂಟರಿನ ಒಳಗೆ ಇರುವುದನ್ನು, ಅಂದರೆ ವಿದ್ಯಾರ್ಥಿಯ ಪ್ರಾಜೆಕ್ಟ್, ಅಧ್ಯಾಪಕರ ಅಂಕಪಟ್ಟಿ, ಎಲ್ಲರ ಪಾಸ್‌ವರ್ಡ್‌ಗಳನ್ನು ಕಾಪಾಡುವುದಿಲ್ಲ. ಒಳ್ಳೆಯ ಬಳಕೆ ನಿಯಮ ಈ ಎರಡನೆಯ ಕೆಲಸಕ್ಕಾಗಿ ಇರುವುದು. ಅದು ಎರಡು ಪುಟ ಮೀರಬೇಕಿಲ್ಲ. ವಿದ್ಯಾರ್ಥಿಗೂ ಅಧ್ಯಾಪಕರಿಗೂ ಲ್ಯಾಬ್ ಸಹಾಯಕರಿಗೂ ಪ್ರಾಂಶುಪಾಲರಿಗೂ ಅದು ಸಮನಾಗಿ ಅನ್ವಯಿಸಬೇಕು.

ಒಬ್ಬರಿಗೆ ಒಂದು ಲಾಗಿನ್

ನಿಯಮದ ಬೆನ್ನೆಲುಬು ಒಂದೇ: ಪ್ರತಿಯೊಬ್ಬರಿಗೂ ಅವರದೇ ಬಳಕೆದಾರ ಹೆಸರು, ಅವರಿಗೆ ಮಾತ್ರ ಗೊತ್ತಿರುವ ಪಾಸ್‌ವರ್ಡ್. ಅನೇಕ ಲ್ಯಾಬ್‌ಗಳಲ್ಲಿ ಎಲ್ಲ ಕಂಪ್ಯೂಟರಿಗೂ `student` ಎಂಬ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಇರುತ್ತದೆ. ತರಗತಿ ಬೇಗ ಶುರುವಾಗುತ್ತದೆ, ಮರೆತವರ ಪಾಸ್‌ವರ್ಡ್ ಬದಲಿಸಿ ಕೊಡುವ ತಾಪತ್ರಯವಿಲ್ಲ ಎಂಬುದು ಇದರ ಅನುಕೂಲ. ಅದರ ಬೆಲೆ ಏನೆಂಬುದು ತೊಂದರೆಯೊಂದು ಎದುರಾದಾಗ ತಿಳಿಯುತ್ತದೆ.

ಒಂದು ಪ್ರಸಂಗವನ್ನು ಊಹಿಸಿಕೊಳ್ಳಬಹುದು. ಒಂದು ಪದವಿ ಕಾಲೇಜು, ಲ್ಯಾಬಿನಲ್ಲಿ 40 ಕಂಪ್ಯೂಟರ್, ಎಲ್ಲಕ್ಕೂ ಒಂದೇ ಲಾಗಿನ್. ವಿದ್ಯಾರ್ಥಿನಿಯೊಬ್ಬಳ ಹೆಸರಿನಲ್ಲಿ ಯಾರೋ ನಕಲಿ ಖಾತೆ ತೆರೆದು ಅವಳ ಫೋಟೊ ಹಾಕುತ್ತಾರೆ. ಅವಳು ದೂರು ಕೊಡುತ್ತಾಳೆ. ಕೆಲವು ವಾರಗಳ ನಂತರ ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಯಿಂದ ಕಾಲೇಜಿಗೆ ಪತ್ರ ಬರುತ್ತದೆ: ಇಂಥ ಐಪಿ ವಿಳಾಸದಿಂದ, ಇಂಥ ದಿನ, 05:50ಕ್ಕೆ ಖಾತೆ ತೆರೆಯಲಾಗಿದೆ, ಬಳಸಿದವರ ವಿವರ ಕೊಡಿ. ಬೆಳಗಿನ ಜಾವ ಲ್ಯಾಬಿಗೆ ಬೀಗ ಹಾಕಿತ್ತು ಎಂದು ಕಾಲೇಜು ಉತ್ತರಿಸಿದರೆ ತಪ್ಪಾಗುತ್ತದೆ. ಅಂತರರಾಷ್ಟ್ರೀಯ ಕಂಪನಿಗಳು ಸಮಯವನ್ನು ಸಾಮಾನ್ಯವಾಗಿ ಯುಟಿಸಿ ಎಂಬ ಜಾಗತಿಕ ಗಡಿಯಾರದಂತೆ ಬರೆಯುತ್ತವೆ. ಭಾರತೀಯ ಸಮಯಕ್ಕೆ ಅದಕ್ಕೆ ಐದೂವರೆ ಗಂಟೆ ಸೇರಿಸಬೇಕು. ಆಗ ಅದು ಬೆಳಿಗ್ಗೆ 11:20, ಲ್ಯಾಬ್ ತುಂಬಿದ್ದ ಹೊತ್ತು.

ಹೊರಗಿನಿಂದ ನೋಡಿದರೆ 40 ಕಂಪ್ಯೂಟರುಗಳಿಗೂ ಒಂದೇ ವಿಳಾಸ, ಏಕೆಂದರೆ ಎಲ್ಲವೂ ಕಾಲೇಜಿನ ಒಂದೇ ಇಂಟರ್ನೆಟ್ ಸಂಪರ್ಕದ ಮೂಲಕ ಹೊರಹೋಗುತ್ತವೆ. ಒಳಗೆ ಪ್ರತಿ ಕಂಪ್ಯೂಟರಿಗೂ ಬೇರೆ ವಿಳಾಸವಿರುತ್ತದೆ. ಆ ಹೊತ್ತಿನಲ್ಲಿ ಆ ಜಾಲತಾಣಕ್ಕೆ ಹೋದದ್ದು 192.168.10.27 ಎಂದು ಫೈರ್‌ವಾಲ್‌ನ ದಾಖಲೆ ಹೇಳಬಹುದು. ಅದು 27ನೆಯ ಕಂಪ್ಯೂಟರ್ ಎಂದು ಲ್ಯಾಬಿನ ಪಟ್ಟಿ ಹೇಳುತ್ತದೆ. ಆದರೆ ಆ ಕಂಪ್ಯೂಟರಿನ ಲಾಗಿನ್ ದಾಖಲೆ ತೆರೆದರೆ ಸಿಗುವ ಹೆಸರು `student`. ಜಾಡು ಅಲ್ಲಿಗೆ ಕಡಿಯುತ್ತದೆ. ಆ ಪೀರಿಯಡ್‌ನಲ್ಲಿ ಲ್ಯಾಬಿನಲ್ಲಿದ್ದ ಎಲ್ಲರೂ ಅನುಮಾನಕ್ಕೆ ಒಳಗಾಗುತ್ತಾರೆ, ದೂರು ಕೊಟ್ಟವಳಿಗೆ ನ್ಯಾಯವೂ ಸಿಗುವುದಿಲ್ಲ.

ಪ್ರತ್ಯೇಕ ಲಾಗಿನ್ ಇದ್ದಿದ್ದರೆ ಅಲ್ಲೊಂದು ಹೆಸರು ಸಿಗುತ್ತಿತ್ತು. ಆದರೆ ಆ ಹೆಸರು ಲಾಗಿನ್ ಯಾರದೆಂದು ಮಾತ್ರ ಹೇಳುತ್ತದೆ, ಕುರ್ಚಿಯಲ್ಲಿ ಕೂತಿದ್ದವರು ಯಾರೆಂದು ಹೇಳುವುದಿಲ್ಲ. ಹುಡುಗನೊಬ್ಬ ಲಾಗೌಟ್ ಮಾಡದೆ ಎದ್ದುಹೋಗಿರಬಹುದು, ಗೆಳೆಯನಿಗೆ ಪಾಸ್‌ವರ್ಡ್ ಕೊಟ್ಟಿರಬಹುದು. ಆದ್ದರಿಂದ ಮೊದಲ ನಿಯಮದ ಹಿಂದೆಯೇ ಮೂರು ಉಪನಿಯಮಗಳು ಬರಬೇಕು. ಪಾಸ್‌ವರ್ಡನ್ನು ಯಾರಿಗೂ ಕೊಡಬಾರದು. ಎದ್ದುಹೋಗುವಾಗ ವಿಂಡೋಸ್ ಕೀ ಮತ್ತು ಎಲ್ ಒತ್ತಿ ತೆರೆಯನ್ನು ಲಾಕ್ ಮಾಡಬೇಕು, ಕೆಲಸ ಮುಗಿದಿದ್ದರೆ ಲಾಗೌಟ್ ಆಗಬೇಕು. ಬಂದ ಸಮಯ, ಹೋದ ಸಮಯ, ಕಂಪ್ಯೂಟರಿನ ಸಂಖ್ಯೆಯನ್ನು ರಿಜಿಸ್ಟರಿನಲ್ಲಿ ಬರೆದು ಸಹಿ ಹಾಕಬೇಕು. ಹತ್ತು ನಿಮಿಷ ಯಾರೂ ಮುಟ್ಟದಿದ್ದರೆ ತಾನಾಗಿ ಲಾಕ್ ಆಗುವಂತೆ ಕಂಪ್ಯೂಟರನ್ನು ಹೊಂದಿಸುವುದು ಕಾಲೇಜಿನ ಹೊಣೆ.

ಗಡಿಯಾರವನ್ನೂ ಮರೆಯಬಾರದು. 27ನೆಯ ಕಂಪ್ಯೂಟರಿನ ಸಮಯ 15 ನಿಮಿಷ ಹಿಂದಿದ್ದರೆ, ಒಂದು ಬ್ಯಾಚ್ ಎದ್ದು ಇನ್ನೊಂದು ಕೂರುವ ಹೊತ್ತಿನಲ್ಲಿ ನಡೆದ ತಪ್ಪು ಬೇರೆಯವರ ತಲೆಗೆ ಬರುತ್ತದೆ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸಿಇಆರ್‌ಟಿ-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನ, ಕಂಪನಿಗಳೂ ಸರ್ಕಾರಿ ಸಂಸ್ಥೆಗಳೂ ತಮ್ಮ ಗಣಕ ವ್ಯವಸ್ಥೆಯ ಗಡಿಯಾರಗಳನ್ನು ಅಧಿಕೃತ ಸಮಯದೊಂದಿಗೆ ಹೊಂದಿಸಬೇಕು, ದಾಖಲೆಗಳನ್ನು 180 ದಿನ ಉಳಿಸಬೇಕು ಎನ್ನುತ್ತದೆ. ಕಾಲೇಜಿನ ನಿಯಮಕ್ಕೂ ಈ ಅಳತೆ ಸರಿಯಾಗಿ ಹೊಂದುತ್ತದೆ.

ಸಿಬ್ಬಂದಿಯ ಪಾಸ್‌ವರ್ಡ್

ಇದೇ ನಿಯಮ ಸಿಬ್ಬಂದಿಗೆ ಇನ್ನೂ ಬಿಗಿಯಾಗಿರಬೇಕು. ಕರ್ನಾಟಕದ ಹಲವು ವಿಶ್ವವಿದ್ಯಾಲಯಗಳ ಪ್ರವೇಶ, ಪರೀಕ್ಷೆ, ಆಂತರಿಕ ಅಂಕಗಳ ಕೆಲಸ ಯುಯುಸಿಎಂಎಸ್ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ನಡೆಯುತ್ತದೆ. ಕೆಲಸದ ಒತ್ತಡದಲ್ಲಿ ಅಧ್ಯಾಪಕರೊಬ್ಬರು ನಂಬಿಕೆಯ ವಿದ್ಯಾರ್ಥಿಗೆ ಪಾಸ್‌ವರ್ಡ್ ಹೇಳಿ ಅಂಕ ತುಂಬಿಸಿದರೆ, ಆಮೇಲೆ ಯಾವ ಅಂಕ ಬದಲಾದರೂ ದಾಖಲೆಯಲ್ಲಿ ಉಳಿಯುವುದು ಅಧ್ಯಾಪಕರ ಹೆಸರೇ. ಲ್ಯಾಬಿನ ಬ್ರೌಸರ್ ಪಾಸ್‌ವರ್ಡ್ ಉಳಿಸಲೇ ಎಂದು ಕೇಳಿದಾಗ ಒಪ್ಪಿದರೂ ಪರಿಣಾಮ ಅದೇ: ಅದೇ ಲಾಗಿನ್‌ನಲ್ಲಿ ಮುಂದೆ ಕೂರುವವರಿಗೆ ಬಾಗಿಲು ತೆರೆದೇ ಇರುತ್ತದೆ.

ಬೇರೆಯವರ ಪಾಸ್‌ವರ್ಡನ್ನು ಮೋಸದ ಉದ್ದೇಶದಿಂದ ಬಳಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಮಿನಂತೆ ಅಪರಾಧ. ಮೂರು ವರ್ಷದವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿವರೆಗೆ ದಂಡ ಇದೆ. ಮೋಸದ ಉದ್ದೇಶವಿಲ್ಲದೆ ಗೆಳೆಯರ ನಡುವೆ ನಡೆಯುವ ಹಂಚಿಕೆ ಈ ಕಲಮಿನ ಅಡಿ ಬರದಿರಬಹುದು. ಅಂಥದ್ದನ್ನು ಪೊಲೀಸರವರೆಗೆ ಒಯ್ಯದೆ ತಿದ್ದುವುದಕ್ಕೇ ಕಾಲೇಜಿನ ನಿಯಮ ಬೇಕು.

ಪೆನ್ ಡ್ರೈವ್ ಮತ್ತು ತಂತ್ರಾಂಶ

ಲ್ಯಾಬಿಗೆ ವೈರಸ್ ಬರುವ ಹಳೆಯ ದಾರಿ ಪೆನ್ ಡ್ರೈವ್. ಸೋಂಕು ತಗುಲಿದ್ದನ್ನು ಗುರುತಿಸುವುದು ಕಷ್ಟವಲ್ಲ. ಪೆನ್ ಡ್ರೈವ್ ತೆರೆದಾಗ ತನ್ನ ಫೈಲುಗಳು ಕಾಣುವುದಿಲ್ಲ, ಅವುಗಳ ಬದಲು ಒಂದೆರಡು ಕೆಬಿ ಗಾತ್ರದ ಶಾರ್ಟ್‌ಕಟ್‌ಗಳಿರುತ್ತವೆ. ಫೈಲುಗಳು ಹೋಗಿರುವುದಿಲ್ಲ, ವೈರಸ್ ಅವನ್ನು ಅಡಗಿಸಿರುತ್ತದೆ. ಶಾರ್ಟ್‌ಕಟ್ ಒತ್ತಿದರೆ ಫೈಲ್ ತೆರೆದುಕೊಳ್ಳಬಹುದು, ಆದರೆ ಅದರ ಜೊತೆಗೇ ವೈರಸ್ ಕಂಪ್ಯೂಟರಿಗೆ ಇಳಿಯುತ್ತದೆ. ಮುಂದೆ ಅಲ್ಲಿ ಚುಚ್ಚಿದ ಪ್ರತಿ ಪೆನ್ ಡ್ರೈವಿಗೂ ಹರಡುತ್ತದೆ.

ಇಂಥ ಸಂದರ್ಭದಲ್ಲಿ ಏನನ್ನೂ ಒತ್ತದೆ ಲ್ಯಾಬ್ ಸಹಾಯಕರಿಗೆ ತಿಳಿಸಿ ಎಂಬುದೇ ನಿಯಮ. ಸಹಾಯಕರು ಮೊದಲು ಆಂಟಿವೈರಸ್‌ನಿಂದ ಪರೀಕ್ಷಿಸಿ ಸೋಂಕು ತೆಗೆಯುತ್ತಾರೆ. ಬಳಿಕ, ಪೆನ್ ಡ್ರೈವ್ `E:` ಎಂದಿದ್ದರೆ, ಈ ಆದೇಶದಿಂದ ಅಡಗಿದ ಫೈಲುಗಳನ್ನು ಕಾಣುವಂತೆ ಮಾಡಬಹುದು:

```
attrib -h -r -s /s /d E:\*.*
```

ಇದು ಫೈಲುಗಳ ಮೇಲಿನ ಮರೆಯನ್ನು ಮಾತ್ರ ಸರಿಸುತ್ತದೆ, ವೈರಸನ್ನು ಕೊಲ್ಲುವುದಿಲ್ಲ. ನಿಯಮದಲ್ಲಿ ಇನ್ನೊಂದು ಸಾಲು ಅವಶ್ಯ: ತಿಳಿಯದೆ ವೈರಸ್ ತಂದು ತಾವಾಗಿ ಹೇಳಿದವರಿಗೆ ಶಿಕ್ಷೆ ಇಲ್ಲ. ದಂಡದ ಹೆದರಿಕೆ ಇದ್ದರೆ ಯಾರೂ ಹೇಳುವುದಿಲ್ಲ, ಸಂಜೆಯೊಳಗೆ ಇಡೀ ಲ್ಯಾಬಿಗೆ ಸೋಂಕು ತಗುಲಿರುತ್ತದೆ.

ತಂತ್ರಾಂಶವನ್ನು ಹಾಕುವ ಅಧಿಕಾರ ಲ್ಯಾಬ್ ಸಹಾಯಕರಿಗೆ ಮಾತ್ರ ಇರಬೇಕು. ಪರವಾನಗಿ ಇಲ್ಲದ ನಕಲಿ ತಂತ್ರಾಂಶದ ಜೊತೆ ಬರುವ ಕ್ರ್ಯಾಕ್ ಫೈಲುಗಳಲ್ಲಿ ವೈರಸ್ ಅಡಗಿರುವುದು ಸಾಮಾನ್ಯ. ಹಾಗೆಂದು ಗೊತ್ತಿದ್ದೂ ಬಳಸುವುದು 1957ರ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಮಿನಂತೆ ಅಪರಾಧ ಕೂಡ. ದುಬಾರಿ ತಂತ್ರಾಂಶ ಕೊಳ್ಳಲಾಗದ ಕಾಲೇಜು ಲಿಬ್ರೆ ಆಫೀಸ್, ಜಿಂಪ್‌ನಂಥ ಮುಕ್ತ ತಂತ್ರಾಂಶಗಳ ಪಟ್ಟಿಯನ್ನು ನಿಯಮದ ಜೊತೆಗೇ ಕೊಡಬೇಕು.

ಕಾಲೇಜು ಏನು ನೋಡಬಹುದು

ಬಳಕೆದಾರರ ಕರ್ತವ್ಯ ಬರೆದಷ್ಟೇ ಸ್ಪಷ್ಟವಾಗಿ ಕಾಲೇಜಿನ ಮಿತಿಯನ್ನೂ ಬರೆಯಬೇಕು. ಯಾರು ಯಾವಾಗ ಲಾಗಿನ್ ಆದರು, ಯಾವ ಕಂಪ್ಯೂಟರ್ ಯಾವ ಜಾಲತಾಣಕ್ಕೆ ಹೋಯಿತು ಎಂಬುದು ಸಾಮಾನ್ಯವಾಗಿ ದಾಖಲಾಗುತ್ತದೆ. ವಿಳಾಸ `https` ಎಂದು ಶುರುವಾಗುವ ತಾಣಗಳಲ್ಲಿ ತಾಣದ ಹೆಸರು ಫೈರ್‌ವಾಲಿಗೆ ತಿಳಿಯುತ್ತದೆ, ಅಲ್ಲಿ ಓದಿದ್ದು ಬರೆದದ್ದು ತಿಳಿಯುವುದಿಲ್ಲ. ಆದರೆ ಕಾಲೇಜು ವಿಶೇಷ ಪ್ರಮಾಣಪತ್ರವೊಂದನ್ನು ಕಂಪ್ಯೂಟರಿನಲ್ಲಿ ಹಾಕಿ ಅದನ್ನೂ ತೆರೆದು ನೋಡಲು ಸಾಧ್ಯವಿದೆ. ಹಾಗೆ ಮಾಡುತ್ತಿದ್ದರೆ ಅದನ್ನು ಮುಚ್ಚಿಡದೆ ನಿಯಮದಲ್ಲೇ ಹೇಳಬೇಕು.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪು ಕೊಟ್ಟಿತು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಇದರ ಆಶಯಕ್ಕೆ ಒಪ್ಪುವ ನಿಯಮ ಹೀಗಿರಬಹುದು: ದಾಖಲೆಗಳನ್ನು ಲಿಖಿತ ದೂರು ಇದ್ದಾಗ, ಪ್ರಾಂಶುಪಾಲರ ಲಿಖಿತ ಅನುಮತಿಯಿಂದ ಮಾತ್ರ ತೆರೆಯಬೇಕು. ಯಾರು ತೆರೆದರೆಂಬುದನ್ನೂ ಬರೆದಿಡಬೇಕು. ತನಿಖೆ ಇಲ್ಲದ ದಾಖಲೆಗಳನ್ನು 180 ದಿನದ ನಂತರ ಅಳಿಸಬೇಕು.

ತಪ್ಪಿದಾಗ

ಕ್ರಮಕ್ಕೆ ಮೆಟ್ಟಿಲುಗಳಿರಬೇಕು. ಆಟ ಆಡಿದ್ದು, ಲಾಗೌಟ್ ಮರೆತದ್ದು ಮೊದಲ ಸಲ ಎಚ್ಚರಿಕೆಗೆ ಸಾಕು. ಪಾಸ್‌ವರ್ಡ್ ಹಂಚಿದರೆ ಕೆಲವು ದಿನ ಬಿಡುವಿನ ವೇಳೆಯ ಬಳಕೆಗೆ ತಡೆ ಹಾಕಬಹುದು. ಬೇರೆಯವರ ಖಾತೆಗೆ ನುಗ್ಗಿದ್ದು, ಕಿರುಕುಳ ಕೊಟ್ಟದ್ದು, ಅಂಕ ತಿದ್ದಿದ್ದು ಶಿಸ್ತು ಸಮಿತಿಗೆ ಹೋಗಬೇಕು. ಯಾವ ಹಂತದಲ್ಲೂ ಆರೋಪ ಹೊತ್ತವರ ಮಾತು ಕೇಳದೆ ತೀರ್ಮಾನ ಆಗಬಾರದು, ಮೇಲ್ಮನವಿಗೆ ಅವಕಾಶ ಇರಬೇಕು.

ಪ್ರಾಯೋಗಿಕ ತರಗತಿಯಿಂದ ಮಾತ್ರ ಯಾರನ್ನೂ ಹೊರಗಿಡಬಾರದು. ಮಹಿಳಾ ಹಾಸ್ಟೆಲಿನಲ್ಲಿ ಸಂಜೆ ಹೊತ್ತು ಮೊಬೈಲ್ ಬಳಸಬಾರದೆಂಬ ನಿಯಮವನ್ನು ವಿರೋಧಿಸಿ ಹೊರಹಾಕಲ್ಪಟ್ಟ ವಿದ್ಯಾರ್ಥಿನಿಯನ್ನು ಮತ್ತೆ ಸೇರಿಸಿಕೊಳ್ಳುವಂತೆ ಕೇರಳ ಹೈಕೋರ್ಟ್ 2019ರ ಸೆಪ್ಟೆಂಬರಿನಲ್ಲಿ ಆದೇಶಿಸಿತು. ಇಂಟರ್ನೆಟ್ ಬಳಕೆ ಶಿಕ್ಷಣದ ಹಕ್ಕಿನೊಂದಿಗೆ ಸೇರಿದ್ದು ಎಂದು ಆ ತೀರ್ಪು ಹೇಳುತ್ತದೆ. ಶಿಸ್ತಿನ ಹೆಸರಿನಲ್ಲಿ ಕಲಿಕೆಯನ್ನೇ ತಡೆಯುವ ಕ್ರಮ ನಿಲ್ಲುವುದಿಲ್ಲ.

ಬರೆಯುವ ಬಗೆ

"ಅನಧಿಕೃತ ಪ್ರವೇಶವನ್ನು ಕಟ್ಟುನಿಟ್ಟಾಗಿ ನಿಷೇಧಿಸಲಾಗಿದೆ" ಎಂದು ಬರೆದರೆ ಗೆಳತಿಯ ಪಾಸ್‌ವರ್ಡ್ ಬಳಸುವುದೂ ಅದರೊಳಗೆ ಬರುತ್ತದೆಂದು ಮೊದಲ ವರ್ಷದ ವಿದ್ಯಾರ್ಥಿಗೆ ಹೊಳೆಯುವುದಿಲ್ಲ. "ಬೇರೆಯವರು ತಾವಾಗಿ ಪಾಸ್‌ವರ್ಡ್ ಕೊಟ್ಟರೂ ಅದರಿಂದ ಲಾಗಿನ್ ಆಗಬೇಡಿ. ತಪ್ಪು ನಡೆದರೆ ಲೆಕ್ಕಕ್ಕೆ ಬರುವುದು ಅವರ ಹೆಸರು" ಎಂದರೆ ನಿಯಮವೂ ಅದರ ಕಾರಣವೂ ಒಟ್ಟಿಗೆ ತಿಳಿಯುತ್ತವೆ. ಪ್ರತಿ ನಿಯಮವನ್ನೂ ಹೀಗೆ ಏನು ಮಾಡಬೇಕು, ಏಕೆ ಎಂಬ ಎರಡು ಸಾಲಿನಲ್ಲಿ ಬರೆಯಬಹುದು. ಕೊನೆಯಲ್ಲಿ ತೊಂದರೆ ಬಂದರೆ ಯಾರಿಗೆ ಹೇಳಬೇಕು, ನಿಯಮ ಯಾವ ದಿನದಿಂದ ಜಾರಿ ಎಂಬುದು ಇರಬೇಕು. ಪ್ರವೇಶದ ದಿನ ಬೇರೆ ಕಾಗದಗಳ ನಡುವೆ ಸಹಿ ಹಾಕಿಸಿಕೊಳ್ಳದೆ, ಲ್ಯಾಬಿನ ಮೊದಲ ತರಗತಿಯಲ್ಲಿ ಓದಿ ಹೇಳಿ ಸಹಿ ಪಡೆಯಬೇಕು. ಪ್ರತಿ ವರ್ಷ ಜೂನ್‌ನಲ್ಲೋ ಜುಲೈನಲ್ಲೋ ವಿದ್ಯಾರ್ಥಿ ಪ್ರತಿನಿಧಿಗಳೊಂದಿಗೆ ಕೂತು ಅದನ್ನು ತಿದ್ದಬೇಕು. ಇನ್ನೂ `student` ಎಂಬ ಒಂದೇ ಲಾಗಿನ್‌ನಿಂದ ಲ್ಯಾಬ್ ನಡೆಸುತ್ತಿರುವ ಕಾಲೇಜುಗಳು ನಿಯಮ ಬರೆಯುವ ಮುನ್ನ ಅದನ್ನು ತೆಗೆದುಹಾಕಲಿ. ಅದು ಇರುವವರೆಗೆ ಉಳಿದ ಯಾವ ನಿಯಮವನ್ನೂ ಜಾರಿಗೆ ತರಲಾಗದು.