ಒಂದೇ ತಂತಿಯಲ್ಲಿ ತಾಪಮಾನದ ಮಾತು

ಡಿಎಸ್18ಬಿ20 ತಾಪಮಾನ ಸೆನ್ಸರ್‌ಗೆ ಮಾಹಿತಿ ಹೋಗಿಬರಲು ಇರುವುದು ಒಂದೇ ತಂತಿ. ಗಡಿಯಾರದ ಸಂಕೇತಕ್ಕೆ ಬೇರೆ ತಂತಿಯಿಲ್ಲ. ಹಾಗಾಗಿ ತಂತಿ ಎಷ್ಟು ಹೊತ್ತು ಸೊನ್ನೆ ವೋಲ್ಟಿನಲ್ಲಿತ್ತು ಎಂಬುದೇ ಇಲ್ಲಿ ಭಾಷೆ. ಯಾರೂ ಎಳೆಯದಿದ್ದಾಗ 4.7 ಕಿಲೋ ಓಮ್‌ನ ರೆಸಿಸ್ಟರ್ ಅದನ್ನು ಮೇಲೆತ್ತಿ ಹಿಡಿದಿರುತ್ತದೆ.

ಮೊದಲು ನಿಯಂತ್ರಕ ತಂತಿಯನ್ನು ಕನಿಷ್ಠ 480 ಮೈಕ್ರೊಸೆಕೆಂಡ್ ಕೆಳಗೆಳೆದು ಬಿಡುತ್ತದೆ. ಇದು ರೀಸೆಟ್. ಸೆನ್ಸರ್ 15ರಿಂದ 60 ಮೈಕ್ರೊಸೆಕೆಂಡ್ ಕಾದು, ತಾನೇ ತಂತಿಯನ್ನು 60ರಿಂದ 240 ಮೈಕ್ರೊಸೆಕೆಂಡ್ ಕೆಳಗೆಳೆದು ಹಾಜರಿ ಹೇಳುತ್ತದೆ.

ನಂತರ ಒಂದೊಂದು ಬಿಟ್‌ಗೂ ಕನಿಷ್ಠ 60 ಮೈಕ್ರೊಸೆಕೆಂಡ್‌ನ ಒಂದು ಅವಧಿ. ನಿಯಂತ್ರಕವು 1 ಬರೆಯಲು ತಂತಿಯನ್ನು ಕೆಳಗೆಳೆದು 15 ಮೈಕ್ರೊಸೆಕೆಂಡ್‌ನೊಳಗೆ ಬಿಡುತ್ತದೆ. 0 ಬರೆಯಲು ಅವಧಿಯುದ್ದಕ್ಕೂ ಹಿಡಿದಿರುತ್ತದೆ. ಓದುವಾಗಲೂ ಅವಧಿ ಆರಂಭಿಸುವುದು ನಿಯಂತ್ರಕವೇ: ಒಂದು ಮೈಕ್ರೊಸೆಕೆಂಡಿನಷ್ಟು ಎಳೆದು ಬಿಡುತ್ತದೆ. ಸೆನ್ಸರ್ 0 ಹೇಳಬೇಕಿದ್ದರೆ ತಂತಿಯನ್ನು ಕೆಳಗೇ ಹಿಡಿಯುತ್ತದೆ, 1 ಆದರೆ ಸುಮ್ಮನಿರುತ್ತದೆ. ಉತ್ತರ ಖಚಿತವಾಗಿರುವುದು ಆರಂಭದಿಂದ 15 ಮೈಕ್ರೊಸೆಕೆಂಡ್‌ವರೆಗೆ ಮಾತ್ರ.

ತೊಡಕು ಬರುವುದು ಇಲ್ಲೇ. ಆ ಕ್ಷಣದಲ್ಲಿ ನಿಯಂತ್ರಕ ಬೇರೆ ಕೆಲಸಕ್ಕೆ ತಿರುಗಿ ತಡವಾಗಿ ನೋಡಿದರೆ, ಸೆನ್ಸರ್ ಆಗಲೇ ತಂತಿ ಬಿಟ್ಟಿರಬಹುದು. 0 ಎಂಬುದು 1 ಆಗಿ ಕಾಣುತ್ತದೆ. ಉದ್ದ ಕೇಬಲ್‌ನಲ್ಲಿ ತಂತಿ ನಿಧಾನವಾಗಿ ಮೇಲೇರುವುದರಿಂದ ಉಲ್ಟಾ ತಪ್ಪು: 1 ಎಂಬುದು 0 ಆಗುತ್ತದೆ. ಸೆನ್ಸರ್ ಕಳಚಿಕೊಂಡಿದ್ದರೆ ಹದಿನಾರೂ ಬಿಟ್‌ಗಳು 1 ಆಗಿ, ಲೆಕ್ಕದಲ್ಲಿ ಮೈನಸ್ 0.0625 ಡಿಗ್ರಿ ಬರುತ್ತದೆ. ಅದಕ್ಕೇ ಅಂಕಿಯನ್ನು ನಂಬುವ ಮುನ್ನ ಹಾಜರಿಯನ್ನೂ, ಸೆನ್ಸರ್ ಕೊನೆಗೆ ಕಳಿಸುವ ಸಿಆರ್‌ಸಿ ತಾಳೆ ಬೈಟನ್ನೂ ಪರೀಕ್ಷಿಸಬೇಕು.